ಒಂದೇ ಮೊತ್ತಕ್ಕೆ ಮೂರು ಅಂಕಿ: ಬಜೆಟ್ ಪಟ್ಟಿಯಲ್ಲಿ ಲಕ್ಷ, ಕೋಟಿ ಬರೆಯುವ ಕ್ರಮ

ಪ್ರಶ್ನೆ: ಸರ್, ನಾನು ವಿಜಯಪುರ ಜಿಲ್ಲೆಯ ಒಂದು ಪುರಸಭೆಯ ಲೆಕ್ಕ ಶಾಖೆಯಲ್ಲಿದ್ದೇನೆ. ನಮ್ಮ ಬಜೆಟ್ ಪುಸ್ತಕದಲ್ಲಿ ಹೋದ ವರ್ಷದ ನಿರ್ವಹಣಾ ಖರ್ಚಿನ ಮೊತ್ತ ಒಂದು ಪಟ್ಟಿಯಲ್ಲಿ 248.83, ಇನ್ನೊಂದರಲ್ಲಿ 248.81, ಸಾರಾಂಶದಲ್ಲಿ 2.49 ಅಂತ ಬಂದಿದೆ. ಸಭೆಯಲ್ಲಿ ಸದಸ್ಯರೊಬ್ಬರು "ಎರಡು ಸಾವಿರ ಎಲ್ಲಿ ಹೋಯ್ತ್ರಿ?" ಅಂದರು. ದುಡ್ಡು ಎಲ್ಲೂ ಹೋಗಿಲ್ಲ, ಆದರೆ ಹೇಗೆ ವಿವರಿಸಬೇಕೋ ತಿಳಿಯಲಿಲ್ಲ. ಕಂಪ್ಯೂಟರ್ ಬೇರೆ ಮೂರು ಮೂರು ಅಂಕಿಗೆ ಕಾಮಾ ಹಾಕುತ್ತದೆ. ಸರಿಯಾದ ಕ್ರಮ ಯಾವುದು? ಆರು ಬಾಬ್ತುಗಳ ರೂಪಾಯಿ ಲೆಕ್ಕ ಜೊತೆಗಿಟ್ಟಿದ್ದೇನೆ.

ಉತ್ತರ: ಲಕ್ಷದಲ್ಲಿ ಬರೆಯುವುದಾದರೆ ಸರಿಯಾದ ಮೊತ್ತ 248.83. ಇನ್ನೊಂದು ಪಟ್ಟಿಯಲ್ಲಿರುವ 248.81 ಅನ್ನು ತಿದ್ದಬೇಕು. ಸಾರಾಂಶದ 2.49 ಅಂಕಿಯಾಗಿ ತಪ್ಪಲ್ಲ, ಆದರೆ ಅದು ಕೋಟಿಯಲ್ಲಿದೆ ಅಂತ ಎಲ್ಲೂ ಬರೆದಿಲ್ಲ. ನೀವು ಕಳಿಸಿದ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

| ಬಾಬ್ತು | ರೂಪಾಯಿಗಳಲ್ಲಿ | ರೂ. ಲಕ್ಷಗಳಲ್ಲಿ |
|---|---:|---:|
| ನೀರು ಸರಬರಾಜು, ಟ್ಯಾಂಕರ್ ಸೇರಿ | 48,36,400 | 48.36 |
| ಬೀದಿ ದೀಪ | 21,47,400 | 21.47 |
| ಕಸ ವಿಲೇವಾರಿ | 63,18,300 | 63.18 |
| ಚರಂಡಿ | 12,75,400 | 12.75 |
| ರಸ್ತೆ ದುರಸ್ತಿ | 95,62,300 | 95.62 |
| ಕಚೇರಿ ಖರ್ಚು | 7,43,400 | 7.43 |
| ಒಟ್ಟು | 2,48,83,200 | 248.83 |

ಮೂರನೇ ಕಾಲಂನ ಆರು ಅಂಕಿಗಳನ್ನು ಕೈಯಲ್ಲಿ ಕೂಡಿ ನೋಡಿ. 248.81 ಬರುತ್ತದೆ. ಯಾಕೆಂದರೆ ಲಕ್ಷವನ್ನು ಎರಡು ದಶಮಾಂಶಕ್ಕೆ ಬರೆದಾಗ ಕೊನೆಯ ಅಂಕಿಯ ಬೆಲೆ ಸಾವಿರ ರೂಪಾಯಿ. ಅದಕ್ಕಿಂತ ಚಿಕ್ಕದು ಕಾಣುವುದಿಲ್ಲ. ನೀರಿನ ಸಾಲಿನಲ್ಲಿ 400 ರೂಪಾಯಿ ಬಿಟ್ಟುಹೋಗಿದೆ. ಬೀದಿ ದೀಪದಲ್ಲೂ 400, ಕಸದಲ್ಲಿ 300. ಹೀಗೆ ಆರೂ ಸಾಲುಗಳಲ್ಲಿ ಬಿಟ್ಟದ್ದು ಸೇರಿ 2,200 ರೂಪಾಯಿ ಆಗಿದೆ. ನಿಮ್ಮ ದುರದೃಷ್ಟಕ್ಕೆ ಈ ಸಲ ಎಲ್ಲ ಸಾಲುಗಳೂ ಕೆಳಕ್ಕೇ ಇಳಿದಿವೆ. ಸಾಮಾನ್ಯವಾಗಿ ಕೆಲವು ಮೇಲೆ ಹೋಗುತ್ತವೆ, ಕೆಲವು ಕೆಳಗೆ ಬರುತ್ತವೆ, ಅರ್ಧಕ್ಕರ್ಧ ಅಲ್ಲೇ ಸರಿಹೋಗುತ್ತದೆ.

ಒಂದು ಪಟ್ಟಿಯಲ್ಲಿ ಮೊದಲು ರೂಪಾಯಿ ಕೂಡಿ, ಆಮೇಲೆ ಲಕ್ಷಕ್ಕೆ ತಂದಿದ್ದಾರೆ. ಅಲ್ಲಿ 248.83 ಬಂತು. ಇನ್ನೊಂದರಲ್ಲಿ ಮೊದಲು ಪ್ರತಿ ಸಾಲನ್ನೂ ರೌಂಡ್ ಮಾಡಿ, ಆ ರೌಂಡ್ ಆದ ಅಂಕಿಗಳನ್ನು ಕೂಡಿದ್ದಾರೆ. ಅಲ್ಲಿ 248.81 ಬಂತು. ಕೂಡುವುದು ರೂಪಾಯಿಯಲ್ಲಿ, ರೌಂಡ್ ಮಾಡುವುದು ಕೊನೆಯಲ್ಲಿ, ಅದೂ ಒಂದೇ ಸಲ. ಇದನ್ನು ಬಿಡದೆ ಪಾಲಿಸಿದರೆ ಒಂದು ಮೊತ್ತಕ್ಕೆ ಪುಸ್ತಕದಲ್ಲಿ ಎಲ್ಲೇ ನೋಡಿದರೂ ಒಂದೇ ಅಂಕಿ ಬರುತ್ತದೆ.

ಎಕ್ಸೆಲ್‌ನಲ್ಲಿ ರೂಪಾಯಿ ಕಾಲಂ ಅನ್ನು ಅಳಿಸಬೇಡಿ. ಅದು B ಕಾಲಂನಲ್ಲೇ ಇರಲಿ, ಮುದ್ರಣಕ್ಕೆ ಬೇಡವಾದರೆ ಮರೆಮಾಡಿ. ಲಕ್ಷದ ಕಾಲಂನ ಒಂದು ಸಾಲಿಗೆ ಮತ್ತು ಮೊತ್ತಕ್ಕೆ ಸೂತ್ರ ಹೀಗಿರಲಿ:

```
=ROUND(B4/100000,2)
=ROUND(SUM(B4:B9)/100000,2)
```

ಎರಡನೇ ಸೂತ್ರ `SUM(C4:C9)` ಅಲ್ಲ ಅನ್ನುವುದನ್ನು ಗಮನಿಸಿ. 248.81 ಬಂದಿರುವ ಶೀಟನ್ನು ತೆರೆದು ಮೊತ್ತದ ಖಾನೆಯ ಮೇಲೆ ಕ್ಲಿಕ್ ಮಾಡಿ. ಬಹುಶಃ ಅಲ್ಲಿ C ಕಾಲಂನ ಕೂಡಿಕೆಯೇ ಇರುತ್ತದೆ.

ಇನ್ನು ಸದಸ್ಯರ ಪ್ರಶ್ನೆ. ಓದುವವರು ಮೇಲಿನ ಅಂಕಿಗಳನ್ನು ಕೂಡಿಯೇ ಕೂಡುತ್ತಾರೆ, ಕೂಡಲೂಬೇಕು. ಆದ್ದರಿಂದ ಪಟ್ಟಿಯ ಕೆಳಗೆ ಒಂದು ಸಾಲು ಇರಲೇಬೇಕು: "ಮೊತ್ತವನ್ನು ರೂಪಾಯಿಗಳಲ್ಲಿ ಕೂಡಿ ನಂತರ ಲಕ್ಷಕ್ಕೆ ಪರಿವರ್ತಿಸಲಾಗಿದೆ. ಹಾಗಾಗಿ ಬಾಬ್ತುಗಳ ಕೂಡಿಕೆಗೂ ಒಟ್ಟು ಮೊತ್ತಕ್ಕೂ ಸ್ವಲ್ಪ ವ್ಯತ್ಯಾಸ ಕಾಣಬಹುದು." ಈ ಸಾಲು ಮುನ್ನುಡಿಯಲ್ಲಿದ್ದರೆ ಸಾಲದು. ವ್ಯತ್ಯಾಸ ಕಾಣುವ ಪುಟದಲ್ಲೇ ಇರಬೇಕು.

ಆದರೆ ಆ ಸಾಲಿನ ಮರೆಯಲ್ಲಿ ನಿಜವಾದ ತಪ್ಪೂ ಅಡಗಿಕೊಳ್ಳಬಹುದು. ಹಾಗಾಗಿ ವ್ಯತ್ಯಾಸ ಎಷ್ಟರವರೆಗೆ ಇರಬಹುದು ಅಂತ ನಿಮಗೆ ಗೊತ್ತಿರಬೇಕು. ಒಂದು ಸಾಲಿನಲ್ಲಿ ಹೆಚ್ಚೆಂದರೆ 500 ರೂಪಾಯಿ ಆಚೀಚೆ ಆಗುತ್ತದೆ. ಆರು ಸಾಲಿಗೆ 3,000. ಮೊತ್ತವನ್ನು ರೌಂಡ್ ಮಾಡಿದ್ದಕ್ಕೆ ಇನ್ನೊಂದು 500. ಅಂದರೆ 3,500 ರೂಪಾಯಿ, ಪಟ್ಟಿಯಲ್ಲಿ 0.03 ಲಕ್ಷದಷ್ಟು. ನಿಮ್ಮದು 0.02 ಇದೆ, ಮಿತಿಯೊಳಗಿದೆ. ಆರೇ ಸಾಲಿನ ಪಟ್ಟಿಯಲ್ಲಿ 0.05 ಕಂಡರೆ ಅದು ರೌಂಡಿನ ಮಾತಲ್ಲ. ಯಾವುದೋ ಸಾಲು ಬಿಟ್ಟಿದೆ ಅಥವಾ ಅಂಕಿ ತಪ್ಪಾಗಿದೆ, ಹುಡುಕಬೇಕು.

ಸಾಲು ಬಿಟ್ಟುಹೋಗಲು ಒಂದು ಕಾರಣವನ್ನು ಪದೇ ಪದೇ ನೋಡಿದ್ದೇನೆ. ಯಾರೋ ಖಾನೆಯೊಳಗೆ "12.75 ಲಕ್ಷ" ಅಂತ ಅಕ್ಷರ ಸೇರಿಸಿ ಟೈಪ್ ಮಾಡಿರುತ್ತಾರೆ. ಎಕ್ಸೆಲ್‌ಗೆ ಅದು ಅಂಕಿಯಲ್ಲ, ಬರಹ. ಕೂಡುವಾಗ ಆ ಖಾನೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಬೇರೆ ಅಂಕಿಗಳೆಲ್ಲ ಖಾನೆಯ ಬಲಕ್ಕೆ ನಿಂತಾಗ ಇದೊಂದು ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನ ಪಡಿ. ಖಾನೆಯಲ್ಲಿ ಬರೀ ಅಂಕಿ ಇರಲಿ, ಲಕ್ಷ ಅನ್ನುವ ಮಾತು ತಲೆಬರಹಕ್ಕೆ ಹೋಗಲಿ.

ಮತ್ತೊಂದು ಅಡ್ಡದಾರಿಯ ಬಗ್ಗೆ ಕೂಡಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ನಿಮಗೆ ಈ ಸಲಹೆ ಕೊಟ್ಟೇ ಕೊಡುತ್ತಾರೆ. "ರಸ್ತೆ ದುರಸ್ತಿ ದೊಡ್ಡ ಬಾಬ್ತು, 95.62 ಇರುವುದನ್ನು 95.64 ಮಾಡಿ, ತಾಳೆಯಾಗುತ್ತದೆ" ಅನ್ನುತ್ತಾರೆ. ಹಾಗೆ ಮಾಡಬೇಡಿ. ಇದು ಹೋದ ವರ್ಷದ ಲೆಕ್ಕದ ಕಾಲಂ. ರಸ್ತೆ ದುರಸ್ತಿಗೆ ಖರ್ಚಾದದ್ದು 95,62,300 ಅಂತ ಲೆಡ್ಜರ್ ಹೇಳುತ್ತದೆ. ಬಜೆಟ್ ಪುಸ್ತಕ 95.64 ಅಂದರೆ, ಆಡಿಟ್‌ನವರು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಕೂಡಿಕೆಯ ಸಣ್ಣ ವ್ಯತ್ಯಾಸಕ್ಕೆ ಕಾರಣ ಕೊಡಬಹುದು. ತಿದ್ದಿದ ಅಂಕಿಗೆ ಕೊಡಲಾಗುವುದಿಲ್ಲ. ನಯಾಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾಗಲೇಬೇಕು ಅಂತ ಸಭೆ ಹಠ ಹಿಡಿದರೆ ಆ ಪಟ್ಟಿಯನ್ನು ಪೂರ್ತಿ ರೂಪಾಯಿಯಲ್ಲೇ ಮುದ್ರಿಸಿ.

ಮುಂದಿನ ವರ್ಷದ ಅಂದಾಜಿನ ಕಾಲಂಗೆ ಮಾತ್ರ ಸುಲಭದ ದಾರಿಯಿದೆ. ಬಹಳ ಕಚೇರಿಗಳಲ್ಲಿ ಇದನ್ನು ಬಳಸುವುದಿಲ್ಲ, ನನಗೆ ಅದೇ ಬೇಸರ. ಟ್ಯಾಂಕರ್ ನೀರಿಗೆ ಬರುವ ಬೇಸಿಗೆಯಲ್ಲಿ ಎಷ್ಟು ಬೇಕು ಅನ್ನುವುದು ನಮ್ಮ ಕಡೆ ಮಳೆ ಹೇಗಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಂಥ ಅಂದಾಜನ್ನು 52,18,640 ಅಂತ ಹತ್ತು ರೂಪಾಯಿಯವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ. ಹೋದ ವರ್ಷದ ಅಂಕಿಗೆ ಶೇಕಡಾ ಇಂತಿಷ್ಟು ಅಂತ ಸೇರಿಸಿದಾಗ ಕಂಪ್ಯೂಟರ್ ಕೊಟ್ಟ ಬಾಲವನ್ನು ಹಾಗೇ ಬಿಟ್ಟಿರುತ್ತಾರೆ, ಅಷ್ಟೇ. ಅಂದಾಜನ್ನು ಮೊದಲೇ ಸಾವಿರಕ್ಕೆ ನಿಲ್ಲಿಸಿ: 52,19,000. ಆಗ ಲಕ್ಷದಲ್ಲಿ ಅದು ಸರಿಯಾಗಿ 52.19. ಬಿಟ್ಟುಹೋಗಲು ಏನೂ ಉಳಿದಿರುವುದಿಲ್ಲ, ಹಾಗಾಗಿ ಮೇಲಿನಿಂದ ಕೆಳಗೆ ಕೂಡಿದರೂ ಎಡದಿಂದ ಬಲಕ್ಕೆ ಕೂಡಿದರೂ ಮೊತ್ತ ತಾನಾಗಿ ತಾಳೆಯಾಗುತ್ತದೆ. ಪರಿಷ್ಕೃತ ಅಂದಾಜಿಗೂ ಇದೇ ಕ್ರಮ ಸಾಕು. ಆದೇಶದಲ್ಲಿ ನಿಗದಿಯಾಗಿ ಬಂದಿರುವ ಅನುದಾನದ ಮೊತ್ತವನ್ನು ಮಾತ್ರ ಮುಟ್ಟಬೇಡಿ, ಅದು ಆದೇಶದಲ್ಲಿದ್ದಂತೆಯೇ ಇರಲಿ.

ಉಳಿಕೆಯ ಸಾಲಿಗೆ ಬರೋಣ. ಹೋದ ವರ್ಷದ ಜಮೆ 2,51,05,600 ಅಂತಿಟ್ಟುಕೊಳ್ಳಿ. ಲಕ್ಷದಲ್ಲಿ 251.06. ಖರ್ಚು 248.83. ಪಟ್ಟಿಯ ಅಂಕಿಗಳನ್ನು ಕಳೆದರೆ ಉಳಿಕೆ 2.23. ನಿಜವಾದ ಉಳಿಕೆ 2,22,400 ರೂಪಾಯಿ, ಅಂದರೆ 2.22. ಇಲ್ಲಿ ಪಟ್ಟಿಯಲ್ಲಿ 2.22 ಎಂದೇ ಬರೆಯಬೇಕು. ಈ ಉಳಿಕೆ ಮುಂದಿನ ವರ್ಷದ ಆರಂಭದ ಶಿಲ್ಕಾಗಿ ಇನ್ನೊಂದು ಪುಟಕ್ಕೆ ಹೋಗುತ್ತದೆ. ಬ್ಯಾಂಕ್ ಲೆಕ್ಕದೊಂದಿಗೂ ಅದನ್ನು ತಾಳೆ ನೋಡುತ್ತಾರೆ. ಈ ಪುಟದಲ್ಲಿ 2.23, ಆ ಪುಟದಲ್ಲಿ 2.22 ಆದರೆ ಮತ್ತೆ ಅದೇ ಪ್ರಶ್ನೆ ಏಳುತ್ತದೆ, ಅಲ್ವಾ? ಶೇಕಡಾವಾರು ಲೆಕ್ಕವನ್ನೂ ರೂಪಾಯಿ ಕಾಲಂನಿಂದಲೇ ಮಾಡಿ.

ಈಗ ಸಾರಾಂಶದ ಕೋಟಿ. ಕೋಟಿಯನ್ನು ಎರಡು ದಶಮಾಂಶಕ್ಕೆ ಬರೆದಾಗ ಕೊನೆಯ ಅಂಕಿಯ ಬೆಲೆ ಒಂದು ಲಕ್ಷ ರೂಪಾಯಿ. ನಿಮ್ಮ ಆರು ಸಾಲುಗಳು 0.48, 0.21, 0.63, 0.13, 0.96, 0.07 ಆಗುತ್ತವೆ. ಕೂಡಿದರೆ 2.48, ಮೊತ್ತದ ಸಾಲಿನಲ್ಲಿ 2.49. ವ್ಯತ್ಯಾಸ ಎರಡು ಸಾವಿರದಿಂದ ಒಂದು ಲಕ್ಷಕ್ಕೆ ಏರಿತು! ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಚೇರಿ ಖರ್ಚು ಅದರ ಹಿಂದಿನ ವರ್ಷ 6,58,000 ಇತ್ತು ಅಂದುಕೊಳ್ಳಿ. ಈಗ 7,43,400. ಹೆಚ್ಚುಕಡಿಮೆ ಶೇಕಡಾ 13ರಷ್ಟು ಏರಿದೆ. ಕೋಟಿಯಲ್ಲಿ ಎರಡೂ ವರ್ಷ 0.07. ಓದುವವರಿಗೆ ಏನೂ ಬದಲಾಗಿಲ್ಲ ಅಂತ ಕಾಣುತ್ತದೆ. ಮುಚ್ಚಿಡುವ ಉದ್ದೇಶ ಯಾರಿಗೂ ಇರಲಿಲ್ಲ, ಆದರೂ ಪಟ್ಟಿ ಮುಚ್ಚಿಟ್ಟಿದೆ.

ಹಾಗಾಗಿ ಘಟಕವನ್ನು ಆರಿಸುವಾಗ ದೊಡ್ಡ ಮೊತ್ತವನ್ನು ನೋಡಬೇಡಿ, ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವ ಅತಿ ಚಿಕ್ಕ ಬಾಬ್ತನ್ನು ನೋಡಿ. ಅದಕ್ಕೆ ಮೂರು ಅಂಕಿಯಾದರೂ ಸಿಗಬೇಕು. 7.43ಕ್ಕೆ ಸಿಕ್ಕಿದೆ, 0.07ಕ್ಕೆ ಸಿಕ್ಕಿಲ್ಲ. ನಿಮ್ಮಂಥ ಪುರಸಭೆಗೆ ಲಕ್ಷ, ಎರಡು ದಶಮಾಂಶ ಸರಿಯಾಗಿ ಹೊಂದುತ್ತದೆ. ಸಣ್ಣ ಗ್ರಾಮ ಪಂಚಾಯಿತಿಗೆ ರೂಪಾಯಿಯೇ ಒಳ್ಳೆಯದು. ಬೆಳಗಾವಿ, ವಿಜಯಪುರದಂಥ ಮಹಾನಗರ ಪಾಲಿಕೆಯಾದರೆ ವಿವರ ಲಕ್ಷದಲ್ಲಿ, ಸಾರಾಂಶ ಕೋಟಿಯಲ್ಲಿ ಇರಬಹುದು. ಕೇಂದ್ರ ಬಜೆಟ್ ಕೋಟಿಯಲ್ಲಿದೆ, ನಾವೂ ಕೋಟಿಯಲ್ಲಿ ಬರೆಯೋಣ ಅನ್ನುವುದು ಸರಿಯಲ್ಲ. ಅಲ್ಲಿನ ಮೊತ್ತಗಳೇ ಬೇರೆ.

ಸಾರಾಂಶಕ್ಕೆ ಕೋಟಿ ಬೇಕೇ ಬೇಕಾದರೆ ಅದನ್ನೂ ರೂಪಾಯಿಯಿಂದಲೇ ತನ್ನಿ, ಲಕ್ಷದ ಅಂಕಿಯಿಂದ ಬೇಡ. 2,48,49,600 ರೂಪಾಯಿ ಲಕ್ಷದಲ್ಲಿ 248.50. ಅದನ್ನು ನೂರರಿಂದ ಭಾಗಿಸಿ ರೌಂಡ್ ಮಾಡಿದರೆ 2.49 ಕೋಟಿ. ನೇರವಾಗಿ ರೂಪಾಯಿಯಿಂದ ಬಂದರೆ 2.48. ಎರಡು ಸಲ ರೌಂಡ್ ಮಾಡಿದ್ದಕ್ಕೆ ಒಂದು ಲಕ್ಷ ತಾನಾಗಿ ಹುಟ್ಟಿಕೊಂಡಿತು.

ಘಟಕವನ್ನು ಪಟ್ಟಿಯ ಮೇಲೆ ಬಲ ಮೂಲೆಯಲ್ಲಿ "ರೂ. ಲಕ್ಷಗಳಲ್ಲಿ" ಅಂತ ಬರೆಯಿರಿ. ಪಟ್ಟಿ ಮೂರು ಪುಟ ಹೋದರೆ ಮೂರೂ ಪುಟದಲ್ಲಿ ಬರೆಯಿರಿ. ಮಧ್ಯದ ಪುಟವನ್ನು ಒಂದನ್ನೇ ಜೆರಾಕ್ಸ್ ಮಾಡಿ ಒಯ್ಯುವವರು ಇರುತ್ತಾರೆ. ಘಟಕ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ರಾಜ್ಯದ ಬಜೆಟನ್ನೇ ನೋಡಿ. 2025-26ರ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನೇ ಲಕ್ಷದ ಪಟ್ಟಿಯಲ್ಲಿ ಬರೆದರೆ 4,09,54,900 ಆಗುತ್ತದೆ. ಮೇಲಿನ ಸಾಲನ್ನು ಓದದವರು ಇದನ್ನು ನಾಲ್ಕು ಕೋಟಿ ಒಂಬತ್ತು ಲಕ್ಷ ಅಂತ ಓದುತ್ತಾರೆ. ಓದುವವರ ತಪ್ಪಲ್ಲ, ಅಂಕಿ ಹಾಗೇ ಕಾಣುತ್ತದೆ. ಒಂದು ಪಟ್ಟಿಯಲ್ಲಿ ಒಂದೇ ಘಟಕ ಇರಲಿ. ಸಿಬ್ಬಂದಿ ಸಂಖ್ಯೆ, ಮೀಟರ್ ಸಂಖ್ಯೆಯಂಥ ಸಾಲು ನಡುವೆ ಬಂದರೆ ಆ ಸಾಲಿನ ಹೆಸರಿನ ಜೊತೆಗೇ "ಸಂಖ್ಯೆ" ಅಂತ ಬರೆಯಿರಿ. ಇಲ್ಲದಿದ್ದರೆ 14 ಪೌರಕಾರ್ಮಿಕರು 14 ಲಕ್ಷ ಆಗಿಬಿಡುತ್ತಾರೆ. ಖರ್ಚೇ ಇಲ್ಲದ ಕಡೆ ಅಡ್ಡಗೆರೆ ಹಾಕಿ. 0.00 ಅಂದರೆ ಖರ್ಚಾಗಿದೆ ಆದರೆ 500 ರೂಪಾಯಿಗಿಂತ ಕಡಿಮೆ, ಅನ್ನುವ ಅರ್ಥಕ್ಕೆ ಮಾತ್ರ ಇಟ್ಟುಕೊಳ್ಳಿ, ಅದನ್ನೂ ಕೆಳಗೆ ಬರೆದುಬಿಡಿ.

ಬಾಯಲ್ಲಿ ಹೇಳಿದ್ದನ್ನು ಪಟ್ಟಿಗೆ ಇಳಿಸುವಾಗ ಒಂದು ದೊಡ್ಡ ಗಂಡಾಂತರವಿದೆ. "ಎರಡು ಕೋಟಿ ಐದು ಲಕ್ಷ" ಅಂತ ಸಾಹೇಬರು ಹೇಳುತ್ತಾರೆ, ಬರೆದುಕೊಳ್ಳುವವರು 2.5 ಕೋಟಿ ಅಂತ ಬರೆಯುತ್ತಾರೆ. ಅದು 2.05. ನಡುವೆ 45 ಲಕ್ಷದ ವ್ಯತ್ಯಾಸ! ಹಾಗೆಯೇ ಮೂರು ಲಕ್ಷ ಏಳು ಸಾವಿರ ಅಂದರೆ 3.07, 3.7 ಅಲ್ಲ. ಎಲ್ಲ ಅಂಕಿಗೂ ಕಡ್ಡಾಯವಾಗಿ ಎರಡು ದಶಮಾಂಶ ಬರೆಯುವ ರೂಢಿ ಇದ್ದರೆ ಈ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. 2.5 ಅಂತ ಕಂಡ ಕೂಡಲೇ ಎರಡನೇ ಅಂಕಿ ಎಲ್ಲಿ ಅಂತ ಕೇಳಬಹುದು. ಅಧ್ಯಕ್ಷರ ಬಜೆಟ್ ಭಾಷಣಕ್ಕೆ "2 ಕೋಟಿ 48 ಲಕ್ಷ 83 ಸಾವಿರ ರೂಪಾಯಿ" ಅಂತ ಬಿಡಿಸಿ ಬರೆದುಕೊಡಿ. ಓದಲು ಸಲೀಸು, ಕೇಳಿದವರು ಪಟ್ಟಿಯ 248.83ಕ್ಕೆ ತಾಳೆ ನೋಡಲೂ ಬರುತ್ತದೆ. "2 ಕೋಟಿ 48.83 ಲಕ್ಷ" ಅಂತ ಅರ್ಧ ಅದು, ಅರ್ಧ ಇದು ಬೇಡ.

ಕೊನೆಗೆ ಕಾಮಾ. ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಆಗ ಪ್ರತಿ ಕಾಮಾವೂ ಸಾವಿರ, ಲಕ್ಷ, ಕೋಟಿಯ ಜಾಗದಲ್ಲೇ ಬೀಳುತ್ತದೆ. 24,883,200 ಅಂತ ಬಂದರೆ ಲಕ್ಷ ಎಲ್ಲಿದೆ ಅಂತ ನಮ್ಮವರು ಬೆರಳಿಟ್ಟು ಎಣಿಸಬೇಕಾಗುತ್ತದೆ. ನಿಮ್ಮ ಕಂಪ್ಯೂಟರ್ ವಿಂಡೋಸ್‌ನದಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ `Region` ತೆರೆದು, `Additional settings` ಒತ್ತಿ, `Digit grouping` ಎದುರು `12,34,56,789` ಆರಿಸಿ. ಎಕ್ಸೆಲ್ ಮುಚ್ಚಿ ಮತ್ತೆ ತೆರೆದರೆ ಕಾಮಾ ಸರಿಯಾಗಿರುತ್ತದೆ.

ಆದರೆ ಇದು ಆ ಕಂಪ್ಯೂಟರಿನ ಸೆಟ್ಟಿಂಗ್, ಫೈಲಿನದ್ದಲ್ಲ. ಅದೇ ಫೈಲನ್ನು ಜಿಲ್ಲಾ ಕಚೇರಿಯ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಮತ್ತೆ 24,883,200 ಆಗಬಹುದು. ಫೈಲಿನಲ್ಲೇ ಉಳಿಯಬೇಕೆಂದರೆ ಖಾನೆಗಳನ್ನು ಆರಿಸಿಕೊಂಡು `Format Cells`ನ `Custom`ನಲ್ಲಿ ಇದನ್ನು ಹಾಕಿ:

```
[>=10000000]##\,##\,##\,##0;[>=100000]##\,##\,##0;##,##0
```

ಇದಕ್ಕೆ ಒಂದು ಮಿತಿ ಇದೆ. ಋಣ ಅಂಕಿ ಬಂದರೆ ಅದು ಮೂರನೇ ಭಾಗಕ್ಕೆ ಬೀಳುತ್ತದೆ, ಅಲ್ಲಿ ಕಾಮಾ ಮತ್ತೆ ಮೂರು ಮೂರಕ್ಕೇ ಹೋಗುವ ಸಂಭವ ಇದೆ. ಕೊರತೆ ತೋರಿಸುವ ಸಾಲು ಇದ್ದರೆ ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಸಭೆಗೆ ಮತ್ತು ಮೇಲಿನ ಕಚೇರಿಗೆ ಹೋಗುವ ಪ್ರತಿಯನ್ನು ಪಿಡಿಎಫ್ ಮಾಡಿಯೇ ಕಳಿಸಿ, ಆಗ ನೀವು ನೋಡಿದ್ದನ್ನೇ ಅವರೂ ನೋಡುತ್ತಾರೆ.

ಆ ಸದಸ್ಯರಿಗೆ ಮಾತಿನ ವಿವರಣೆಗಿಂತ ಮೇಲಿನ ಪಟ್ಟಿಯನ್ನೇ ರೂಪಾಯಿ ಕಾಲಂ ಸಮೇತ ಕೊಡಿ. ಪ್ರತಿ ಸಾಲಿನ ಕೊನೆಯ ಮೂರು ಅಂಕಿಗಳನ್ನು ಅವರೇ ಕೂಡಲಿ. 2,200 ಬರುತ್ತದೆ. ಅದರಲ್ಲಿ 2,000 ಒಟ್ಟು ಮೊತ್ತದ ಸಾಲಿನಲ್ಲಿ ಸೇರಿದೆ, ಉಳಿದ 200 ಅನ್ನು ಮೊತ್ತ ರೌಂಡ್ ಮಾಡುವಾಗ ಬಿಟ್ಟಿದ್ದೇವೆ ಅಂತ ತೋರಿಸಿ. ಜೊತೆಗೆ ತಪ್ಪಿರುವ ಪಟ್ಟಿಗೆ 248.81ರ ಬದಲು 248.83 ಎಂದು ಓದಿಕೊಳ್ಳಿ ಅಂತ ಒಂದು ತಿದ್ದುಪಡಿ ಹಾಳೆ, ಸಾರಾಂಶದ ಪುಟಕ್ಕೆ "ರೂ. ಕೋಟಿಗಳಲ್ಲಿ" ಅನ್ನುವ ತಲೆಬರಹ ಸೇರಿಸಿ ಮುಂದಿನ ಸಭೆಯ ಮುಂದಿಡಿ.